ಮುದ್ದೆ ನುಂಗು, ಮಾತು ನುಂಗಬೇಡ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನಲ್ಲಿ ಹುಟ್ಟಿ ಬೆಳೀತಿರೋ ನನ್ನ ಚಿನ್ನಾರಿಗಳಾ, ನಾನು ಚಿಂತಾಮಣಿ ಕಡೆಯ ಅಜ್ಜಿ. ಮಗನ ಮನೆಗೆ ಬಂದು ಎರಡು ತಿಂಗಳಾಯ್ತು. ಪ್ರೈಮರಿ ಸ್ಕೂಲಲ್ಲಿ ಟೀಚರ್ ಆಗಿದ್ದವಳು, ಸುಮ್ಮನೆ ಕೂರೋಕೆ ಬರಲ್ಲ. ರಾಜ್ಯೋತ್ಸವಕ್ಕೆ ಅಂತ ನಿಮಗಾಗಿ ಕೆಲವು ಮಾತು ಕಟ್ಟಿ ತಂದಿದ್ದೀನಿ. ನಾನು ಒಂದು ಹೇಳ್ತೀನಿ, ನೀವೆಲ್ಲ ಒಟ್ಟಿಗೆ ಗಟ್ಟಿಯಾಗಿ ಹೇಳಿ.

ಮುದ್ದೆ ಅಗಿಯಬೇಡ, ನುಂಗು;
ಕನ್ನಡ ನುಂಗಬೇಡ, ಆಡು.

ತಪ್ಪಾಡಿದ ಕನ್ನಡ ತಿದ್ದಬಹುದು,
ಆಡದ ಕನ್ನಡ ತಿದ್ದೋದು ಹೇಗೆ?

ಇದು ನನ್ನ ತರಗತಿ ಕಲಿಸಿದ್ದು. ನಮ್ಮದು ಆಂಧ್ರದ ಗಡಿ. ಎಷ್ಟೋ ಮನೆಗಳಲ್ಲಿ ಒಲೆ ಮುಂದೆ ತೆಲುಗು, ಬೀದಿಯಲ್ಲಿ ಕನ್ನಡ. ಒಂದನೇ ಕ್ಲಾಸಿಗೆ ಬಂದ ಒಬ್ಬ ಹುಡುಗ ದಸರಾ ರಜೆವರೆಗೂ ಬಾಯೇ ಬಿಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ, ತೆಲುಗಲ್ಲೇ ಮಾತಾಡಿಸ್ತಿದ್ದೆ. ಒಂದು ಮಧ್ಯಾಹ್ನ ಕಿಟಕಿ ಕಡೆ ಕೈ ತೋರಿಸಿ, 'ಟೀಚರ್, ಮಳೆ!' ಅಂದ. ಮನೇಲಿ 'ವಾನ' ಅನ್ನೋ ಮಗು. ಆವತ್ತು ಪಾಠ ನಿಲ್ಲಿಸಿ ಎಲ್ಲರೂ ಹೊರಗೆ ಹೋಗಿ ನೆನೆದು ಬಂದ್ವಿ. ನಿಮ್ಮಲ್ಲೂ ಇನ್ನೂ ಬಾಯಿ ಬಿಡದ ಪುಟಾಣಿಗಳಿದ್ದಾರೆ. ನಾನು ಕಾಯ್ತೀನಿ.

ಪಕ್ಕದ ಮನೆಗೆ ಹೋಗಿ ಆಡು,
ರಾತ್ರಿ ಮಲಗೋಕೆ ನಮ್ಮನೆಗೆ ಬಾ.

ಅಂದ್ರೆ ಇಂಗ್ಲಿಷ್ ಚೆನ್ನಾಗಿ ಕಲೀರಿ, ಸ್ಪ್ಯಾನಿಷ್ ಕಲೀರಿ, ಯಾರ ನುಡಿಯನ್ನೂ ಹೀಗಳೀಬೇಡಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನಮ್ಮ ಕೋಲಾರ ಜಿಲ್ಲೆಯ ಹುಂಗೇನಹಳ್ಳಿಯಲ್ಲಿ ಹುಟ್ಟಿದವರು. ಅವರ ಮನೆಮಾತು ತಮಿಳು, ಬರೆದದ್ದು ಕನ್ನಡ. 1983ರ ಜ್ಞಾನಪೀಠ ಪ್ರಶಸ್ತಿ ಕನ್ನಡದ ಹೆಸರಲ್ಲಿ ಅವರಿಗೆ ಬಂತು. ಮನೇಲಿ ಒಂದು, ಸ್ಕೂಲಲ್ಲಿ ಒಂದು ಅಂತ ನೀವು ಕಷ್ಟಪಡೋದು ಹೊಸದೇನಲ್ಲ ಕಂದಾ, ನಮ್ಮ ಸೀಮೆಯ ಮಕ್ಕಳೆಲ್ಲ ಹಾಗೇ ಬೆಳೆದವರು.

ಸೊಪ್ಪು ತಿಂದ ಹುಳು ರೇಷ್ಮೆ ಕೊಡ್ತು,
ಜೋಗುಳ ಕೇಳಿದ ಮಗು ಮಾತು ಕೊಡ್ತು.

ಇದು ಅಪ್ಪ ಅಮ್ಮಂದಿರಿಗೆ. ಸೊಪ್ಪು ಹಾಕದೆ ಗೂಡು ಕಟ್ಟು ಅಂದ್ರೆ ಹುಳು ಎಲ್ಲಿಂದ ಕಟ್ಟೀತು? ಮನೇಲಿ ನೀವಿಬ್ಬರೂ ಇಂಗ್ಲಿಷಲ್ಲೇ ಮಾತಾಡ್ಕೊಂಡು, ಭಾನುವಾರ ಒಂದು ಗಂಟೆ ಕನ್ನಡ ಕ್ಲಾಸಿಗೆ ಬಿಟ್ರೆ ಸಾಲದು. ಇದನ್ನ ನನ್ನ ಮಗನಿಗೂ ಹೇಳಿದ್ದೀನಿ.

ಈಗ ನಾಲಿಗೆ ಕಸರತ್ತು.

ಲ-ಳ ತಿಳಿದ್ರೆ ಹಾಲು ಹಾಲೇ,
ತಿಳೀದಿದ್ರೆ ಹಾಲೂ ಹಾಳು.

ನಾಲಿಗೆ ಮಡಿಸಿ ಹೇಳಿ: ಬೆಳೆ, ಮಳೆ, ಕೋಳಿ, ಬಾಳೆಹಣ್ಣು. ಹಿಂದಿನ ಸಾಲು ಕೇಳಿಸ್ತಿಲ್ಲ! ಇನ್ನೊಂದ್ಸಲ.

ಆಂಟಿ ಅಂದ್ರೆ ಒಬ್ಬಳೇ;
ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಅಂದ್ರೆ ಮನೆ ತುಂಬ ಜನ.

ಹೆಸರು ತಿರುಚಿದವರಿಗೆ ಮೂರು ಸಲ ಹೇಳಿಕೊಡು,
ನೀನೇ ಕತ್ತರಿಸಿ ಕೊಡಬೇಡ.

ಈ ಎರಡನೇದು ನನ್ನ ಮೊಮ್ಮಗಳಿಗಾಗಿ ಕಟ್ಟಿದ್ದು. ಅವಳ ಹೆಸರು ವೈಶಾಲಿ. ಸ್ಕೂಲಲ್ಲಿ ಯಾರಿಗೂ ಬರಲ್ಲ ಅಂತ 'ವೈ' ಅಷ್ಟೇ ಸಾಕು ಅಂದಿದ್ದಳಂತೆ. ಕೇಳಿ ಹೊಟ್ಟೆಯೊಳಗೆ ಸಂಕಟವಾಯ್ತು. ಈಗ ಅವಳ ಗೆಳತಿಯರು ಪೂರ್ತಿ ಹೆಸರು ಕರೀತಾರೆ, ಶಾ ಸ್ವಲ್ಪ ಉದ್ದ ಆಗುತ್ತೆ, ಪರವಾಗಿಲ್ಲ.

ಕೆರೆ ಹೂಳು ಬೇಸಿಗೇಲಿ ತೆಗಿ,
ನಾಲಿಗೆ ಹೂಳು ದಿನಾ ತೆಗಿ.

ನಮ್ಮ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯೋ ಹೊಳೆ ಇಲ್ಲ. ಹಿರಿಯರು ಊರೂರಿಗೆ ಕೆರೆ ಕಟ್ಟಿ ಮಳೆ ನೀರು ಹಿಡಿದಿಟ್ಟರು. ಹೂಳು ತುಂಬಿದ ಕೆರೆ ಮಳೆ ಬಂದ್ರೂ ನೀರು ಹಿಡಿಯಲ್ಲ.

ಗಣಿಯ ಚಿನ್ನ ತೆಗೆದಷ್ಟೂ ಖಾಲಿ,
ನುಡಿಯ ಚಿನ್ನ ತೆಗೀದಿದ್ರೆ ಖಾಲಿ.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದರ ಕತೆ ಊಟವಾದ ಮೇಲೆ ಕೇಳೋರಿಗೆ ಹೇಳ್ತೀನಿ, ದೊಡ್ಡದು.

ಕೊನೇದು, ಮೆಲ್ಲಗೆ ಹೇಳೋಣ.

'ಉಂಡ್ಯಾ ಕಂದಾ?' ಅಂದ್ರೆ ಅಜ್ಜಿ,
'ಉಂಡೆ ಅಜ್ಜಿ' ಅನ್ನು ಸಾಕು.

ಊರಲ್ಲಿರೋ ಎಷ್ಟೋ ಅಜ್ಜಿ ತಾತಂದಿರು ವಿಡಿಯೋ ಕಾಲಲ್ಲಿ ನಿಮ್ಮ ಮುಖ ನೋಡ್ತಾರೆ, ನೀವು ಹೇಳಿದ್ದು ಅರ್ಥವಾಗದೆ ನಗ್ತಾರೆ. ಆ ನಗು ನಾನೂ ನಕ್ಕಿದ್ದೀನಿ.

ಸರಿ, ಮೊದಲ ಸಾಲಿನ ಪುಟಾಣಿಗಳು ವೇದಿಕೆಗೆ ಬನ್ನಿ. ನಿಮಗಿಷ್ಟವಾದ ಒಂದು ಮಾತು ಆರಿಸಿಕೊಂಡು ಹೇಳಿ. ಮರೆತ್ರೆ ನಿಮ್ಮದೇ ಒಂದು ಕಟ್ಟಿ. ದೊಡ್ಡವರು ಯಾರೂ ಮಧ್ಯೆ ತಿದ್ದಬೇಡಿ. ತೊದಲಿದವರಿಗೆ ಮೊದಲ ಹೋಳಿಗೆ, ತುಪ್ಪ ನಾನೇ ಹಾಕ್ತೀನಿ.