ಅಪ್ಪ, ಬ್ಯಾಂಕಿನ ಪತ್ರ ಕನ್ನಡದಲ್ಲಿ ಇಲ್ಲಿದೆ

ಅಪ್ಪ, ಗಾಬರಿಯಾಗಬೇಡಿ. ಇದು ಸಾಲದ ನೋಟಿಸ್ ಅಲ್ಲ, ಯಾರೂ ಹಣ ಕೇಳಿಲ್ಲ. ಹಾಲಿನ ದುಡ್ಡು ಬರುತ್ತಿದ್ದ ಹಳೆಯ ಉಳಿತಾಯ ಖಾತೆಯ ವಿಷಯ. ಪಿಂಚಣಿ ಬರುವ ಖಾತೆಗೂ ಇದಕ್ಕೂ ಸಂಬಂಧವಿಲ್ಲ.

ಪತ್ರದಲ್ಲಿ ಇರುವುದು ಇಷ್ಟು:

ದಿನಾಂಕ: 17 ಮಾರ್ಚ್ 2025

ವಿಷಯ: ನಿಮ್ಮ ಉಳಿತಾಯ ಖಾತೆ (ಕೊನೆಯ ನಾಲ್ಕು ಅಂಕಿ 4471) ನಿಷ್ಕ್ರಿಯವಾಗಿರುವ ಬಗ್ಗೆ

ಮಾನ್ಯರೇ,

ನಿಮ್ಮ ಖಾತೆಯಲ್ಲಿ 9 ಜನವರಿ 2023ರ ನಂತರ ನೀವು ಯಾವುದೇ ವಹಿವಾಟು ನಡೆಸಿಲ್ಲ. ಗ್ರಾಹಕರು ಎರಡು ವರ್ಷಕ್ಕೂ ಹೆಚ್ಚು ಕಾಲ ವಹಿವಾಟು ನಡೆಸದ ಖಾತೆಯನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ನಿಷ್ಕ್ರಿಯ ಖಾತೆ ಎಂದು ವರ್ಗೀಕರಿಸಲಾಗುತ್ತದೆ. ಖಾತೆಯನ್ನು ಮತ್ತೆ ಚಾಲ್ತಿಗೆ ತರುವವರೆಗೆ ಅದರಿಂದ ಹಣ ತೆಗೆಯಲು ಸಾಧ್ಯವಿಲ್ಲ. ಉಳಿತಾಯ ಖಾತೆಯ ಬಡ್ಡಿ ಎಂದಿನಂತೆ ಜಮೆಯಾಗುತ್ತದೆ.

ಖಾತೆಯನ್ನು ಚಾಲ್ತಿಗೆ ತರಲು ಆಧಾರ್, ಪ್ಯಾನ್ ಕಾರ್ಡ್ ಮತ್ತು ಇತ್ತೀಚಿನ ಭಾವಚಿತ್ರದೊಂದಿಗೆ ನಮ್ಮ ಯಾವುದೇ ಶಾಖೆಗೆ ಬಂದು ಕೆವೈಸಿ ವಿವರ ನವೀಕರಿಸಿ. ಪ್ಯಾನ್ ಇಲ್ಲದವರು ಫಾರ್ಮ್ 60 ಭರ್ತಿ ಮಾಡಬಹುದು. ಇದಕ್ಕೆ ಯಾವುದೇ ಶುಲ್ಕವಿಲ್ಲ.

ಹತ್ತು ವರ್ಷ ವಹಿವಾಟು ನಡೆಯದಿದ್ದರೆ ಖಾತೆಯಲ್ಲಿರುವ ಹಣವನ್ನು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸಲಾಗುತ್ತದೆ. ಆ ಬಳಿಕವೂ ನೀವು ಬ್ಯಾಂಕಿನ ಮೂಲಕ ಹಣವನ್ನು ಮರಳಿ ಪಡೆಯಬಹುದು.

ಶಾಖಾ ವ್ಯವಸ್ಥಾಪಕರು

ಕಾಗದ ಮಡಿಸಿದ ಕಡೆ ಒಂದು ಸಾಲು ಫೋಟೋದಲ್ಲಿ ಮಸುಕಾಗಿದೆ. ಶಾಖೆಯ ಫೋನ್ ನಂಬರ್ ಇರಬೇಕು. ನಿಮಗೆ ಅದು ಬೇಕಾಗುವುದಿಲ್ಲ, ನೇರವಾಗಿ ಹೋದರಾಯಿತು.

ಪಾಸ್‌ಬುಕ್ಕಿನಲ್ಲಿ ಬಡ್ಡಿ ಬಿದ್ದಿದೆಯಲ್ಲ, ಹಾಗಿದ್ದ ಮೇಲೆ ಖಾತೆ ನಿಂತಿದ್ದು ಹೇಗೆ ಎಂದು ನೀವು ಕೇಳುತ್ತೀರಿ. ಬ್ಯಾಂಕು ತಾನಾಗಿ ಹಾಕುವ ಬಡ್ಡಿ ಲೆಕ್ಕಕ್ಕೆ ಬರುವುದಿಲ್ಲ, ನೀವು ಕಟ್ಟಿದ್ದು, ತೆಗೆದದ್ದು, ಡೇರಿಯಿಂದ ಬಂದದ್ದು ಇಂಥವು ವಹಿವಾಟು. ಹಸು ಮಾರಿದ ಮೇಲೆ ಡೇರಿಯ ದುಡ್ಡು ಬರುವುದು ನಿಂತಿತು, ನೀವೂ ಆ ಕಡೆ ಹೋಗಲಿಲ್ಲ. ಅಷ್ಟೇ ಆಗಿರುವುದು. ನಿಮ್ಮ 18,462 ರೂಪಾಯಿ ಎಲ್ಲಿಗೂ ಹೋಗಿಲ್ಲ.

ಹೋಗುವಾಗ ಪಾಸ್‌ಬುಕ್, ಆಧಾರ್, ಪ್ಯಾನ್ ಮೂಲ ಪ್ರತಿಗಳ ಜೊತೆ ಒಂದೊಂದು ಜೆರಾಕ್ಸ್, ಎರಡು ಫೋಟೋ ಇರಲಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಕೌಂಟರಿನವರಿಂದ ಓದಿಸಿಕೊಂಡು ಆಮೇಲೆ ಸಹಿ ಹಾಕಿ. ಸಂಕೋಚ ಬೇಡ, ನಿಮ್ಮ ದುಡ್ಡಿನ ವಿಷಯ. ಕೆಲಸ ಮುಗಿದ ಮೇಲೆ ಐನೂರು ರೂಪಾಯಿ ಕಟ್ಟಿ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ. ನಾಮಿನಿ ಜಾಗದಲ್ಲಿ ಅಮ್ಮನ ಹೆಸರಿದೆಯೇ ಎಂದೂ ಕೇಳಿ, ಇಲ್ಲದಿದ್ದರೆ ಅವತ್ತೇ ಸೇರಿಸಿ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ‘ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ, ಕೆವೈಸಿ ಮಾಡಿಕೊಡುತ್ತೇವೆ, ಒಟಿಪಿ ಹೇಳಿ’ ಎಂದು ಯಾರಾದರೂ ಫೋನ್ ಮಾಡಿದರೆ ಎಷ್ಟೇ ಮರ್ಯಾದೆಯಿಂದ ಮಾತನಾಡಲಿ, ಫೋನ್ ಇಟ್ಟುಬಿಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಅಕಸ್ಮಾತ್ ಅಂಕಿ ಹೇಳಿಬಿಟ್ಟರೆ ನಾನು ಬೈಯುತ್ತೇನೆಂದು ಮುಚ್ಚಿಡಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ನನಗೂ ತಿಳಿಸಿ.

ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡೇ ಹೊರಡಿ. ಅಲ್ಲಿ ಕಾಯುವುದು ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಅರ್ಜಿ ತೆಗೆದುಕೊಂಡದ್ದಕ್ಕೆ ಸೀಲು ಹಾಕಿದ ರಸೀದಿ ಕೇಳಿ ಪಡೆದು, ಅದರ ಫೋಟೋ ನನಗೆ ಕಳುಹಿಸಿ.