‘ನಿಂದ್ಯಾವಾಗಪ ಊಟ?’

ಈ ವರ್ಷ ಪಂಚಾಂಗ ನಮ್ಮಂಥವರ ಜೊತೆ ದೊಡ್ಡ ಆಟ ಆಡಿದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮದುವೆ ಮುಹೂರ್ತ ಇಲ್ಲ. ‘ಅಬ್ಬಾ, ಒಂದು ತಿಂಗಳು ಯಾರೂ ಏನೂ ಕೇಳಲ್ಲ’ ಅಂತ ಖುಷಿಪಟ್ಟ ಹುಡುಗರು ಒಂದು ಲೆಕ್ಕ ಮರೆತರು. ಆ ತಿಂಗಳ ಮದುವೆಗಳೆಲ್ಲ ಏಪ್ರಿಲ್ ಕೊನೆಗೆ, ಮೇ ಮೊದಲಿಗೆ ಬಂದು ತುಂಬಿಕೊಂಡವು. ಒಂದೇ ದಿನ ಸೇಡಂನಲ್ಲಿ ಅಕ್ಕಿಕಾಳು, ಆಳಂದದಲ್ಲಿ ಊಟ, ರಾತ್ರಿ ಜೇವರ್ಗಿ ರೋಡಿನ ಮಂಟಪದಲ್ಲಿ ಅರಿಷಿಣ. ಮೂರೂ ಕಡೆ ಅದೇ ಬೀಗರು, ಅದೇ ಪ್ರಶ್ನೆ.

‘ಏನಪ ತಮ್ಮಾ, ನಿಂದ್ಯಾವಾಗ ಊಟ ಹಾಕ್ತಿ?’

ಗಮನಿಸಿ, ‘ಮದುವೆ ಯಾವಾಗ’ ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಊಟ. ಕೈಯಲ್ಲಿ ಹುಗ್ಗಿ ಹಿಡಿದುಕೊಂಡು, ಎಲೆಯ ಮೇಲೆ ಬದನೆಕಾಯಿ ಪಲ್ಯ ಇಟ್ಟುಕೊಂಡು, ಮುಂದಿನ ಊಟದ ತಾರೀಕು ಕೇಳುತ್ತಾರೆ. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಈ ಪ್ರಶ್ನೆಗೂ ಅರ್ಜಿ ಹಾಕಬಹುದು. ಬೇರೆ ಯಾವ ಜಿಲ್ಲೆಯಲ್ಲೂ ಇಷ್ಟು ಹದವಾಗಿ ಬೆಳೆಯಲ್ಲ.

ಮಂಟಪದ ಭೂಗೋಳ ಗೊತ್ತಿಲ್ಲದವನು ಬೇಗ ಸಿಕ್ಕಿಬೀಳುತ್ತಾನೆ. ಹೊರಗೆ ಬಿಸಿಲು 43 ಡಿಗ್ರಿ. ಒಳಗೆ ಇಷ್ಟು ದೊಡ್ಡ ಹಾಲ್, ಅದಕ್ಕೆ ಒಂದೋ ಎರಡೋ ಕೂಲರ್. ಅದರ ಮುಂದಿನ ಕುರ್ಚಿಗಳು ಬೆಳಿಗ್ಗೆಯಿಂದಲೇ ಬುಕ್. ಅಲ್ಲಿ ಕಾಕಾ, ದೊಡ್ಡಪ್ಪ, ಮಾಮಾ, ಮತ್ತೆ ಸಂಬಂಧ ಏನು ಅಂತ ಅವ್ವನಿಗೂ ಸರಿಯಾಗಿ ಗೊತ್ತಿಲ್ಲದ ಇಬ್ಬರು ಹಿರಿಯರು. ನಮಗೆ ಗಾಳಿ ಬೇಕು, ಅವರಿಗೆ ಸುದ್ದಿ ಬೇಕು. ‘ಬಾರಪ, ಕುಂದರು, ಗಾಳಿ ಚಲೋ ಅದ’ ಅಂದರೆ ಮುಗಿಯಿತು. ಕೂತ ಮೇಲೆ ಎದ್ದು ಹೋಗುವ ಹಾಗಿಲ್ಲ, ಏಕೆಂದರೆ ಎದ್ದರೆ ಬೆವರು.

ವಿಚಾರಣೆ ಹೀಗೆ ನಡೆಯುತ್ತದೆ.

‘ಏನ್ ಮಾಡ್ಲಾಕತ್ತಿ ಈಗ?’
‘ಬೆಂಗಳೂರಾಗ ಕೆಲಸ ರಿ ಕಾಕಾ.’
‘ಗೌರ್ಮೆಂಟಾ?’
‘ಇಲ್ರಿ, ಪ್ರೈವೇಟ್.’
‘ಹೌದಾ.’

ಆ ‘ಹೌದಾ’ ಇದೆಯಲ್ಲ, ಅದರಲ್ಲಿ ನಮ್ಮ ಇಡೀ ಬಯೋಡೇಟಾ ಹರಿದು ಹೋಗುತ್ತದೆ. ಆಮೇಲೆ ಸಮಾಧಾನ ಬೇರೆ: ‘371ಜೆ ಸರ್ಟಿಫಿಕೇಟ್ ಅದ ಅಲ್ಲ ನಿನ್ನ ಬಲ್ಲಿ? ಮತ್ತ ನೌಕರಿ ಯಾಕಿಲ್ಲ?’ ಕಾಕಾನ ಪ್ರಕಾರ ಆ ಸರ್ಟಿಫಿಕೇಟ್ ತೋರಿಸಿದರೆ ತಹಶೀಲ್ದಾರರು ಎದ್ದು ಕುರ್ಚಿ ಬಿಡುತ್ತಾರೆ. ಪರೀಕ್ಷೆ ಇರುತ್ತದೆ, ಕಟ್ ಆಫ್ ಇರುತ್ತದೆ ಅಂತ ಹೇಳಲು ಹೋಗಬೇಡಿ. ಅಷ್ಟರಲ್ಲಿ ಅವರು ಪಗಾರಕ್ಕೆ ಹೋಗಿರುತ್ತಾರೆ.

ಪಗಾರ ನಿಜ ಹೇಳಿದರೆ ‘ಅಷ್ಟೇನಾ’. ಜಾಸ್ತಿ ಹೇಳಿದರೆ ‘ಹಂಗಾದ್ರ ತಡ ಯಾಕ?’ ಎರಡೂ ದಾರಿ ಒಂದೇ ಮಂಟಪಕ್ಕೆ ಬಂದು ಸೇರುತ್ತವೆ.

ಕಾಕಾನಿಗಿಂತ ಅಪಾಯದ ಮನುಷ್ಯ ಇನ್ನೊಬ್ಬ ಇದ್ದಾನೆ. ಆರು ತಿಂಗಳ ಹಿಂದೆ ಮದುವೆಯಾದ ದೋಸ್ತ. ಹೋದ ವರ್ಷದವರೆಗೆ ನಮ್ಮ ಜೊತೆಯೇ ಪಾರ್ಕಿಂಗ್‌ನಲ್ಲಿ ಅಡಗಿ ನಿಲ್ಲುತ್ತಿದ್ದ. ಈಗ ಹೆಂಡತಿಯ ಪರ್ಸ್ ಹಿಡಿದುಕೊಂಡು ಬಂದು ‘ಟೈಮಿಗೆ ಆಗಬೇಕು ನೋಡಲೇ’ ಅಂತ ನೀತಿ ಹೇಳುತ್ತಾನೆ. ಕಾಕಾನನ್ನು ಕ್ಷಮಿಸಬಹುದು. ಇವನನ್ನು ಸಾಧ್ಯವಿಲ್ಲ.

‘ನೀವೇ ಯಾರನ್ನಾದ್ರೂ ನೋಡ್ರಿ’ ಅಂತ ತಮಾಷೆಗೆ ಅಂದವರ ಕಥೆ ಕೇಳಬೇಡಿ. ನಮ್ಮ ಕಡೆ ಆ ಮಾತು ತಮಾಷೆ ಅಲ್ಲ, ಅದು ಟೆಂಡರ್. ಸಂಜೆಯೊಳಗೆ ಹುಮ್ನಾಬಾದಿನಿಂದ ಒಂದು ಬಯೋಡೇಟಾ, ಸುರಪುರದಿಂದ ಒಂದು, ಜೊತೆಗೆ ‘ಹೊಲ ಎಷ್ಟು ಎಕರೆ’ ಅನ್ನುವ ವಾಯ್ಸ್ ಮೆಸೇಜ್. ‘ಇನ್ನೂ ಸೆಟಲ್ ಆಗಬೇಕು’ ಅಂದರೂ ಕೆಲಸ ಮಾಡಲ್ಲ. ‘ಮದುವಿ ಆದ್ರ ಆಗ್ತಿ’ ಅಂತ ಉತ್ತರ ರೆಡಿ ಇರುತ್ತದೆ.

ಇಷ್ಟೆಲ್ಲ ಆದರೂ ಹುಡುಗರ ಪಾಡು ವಾಸಿ. ಹುಡುಗಿಯರನ್ನು ಕೇಳುವುದೇ ಇಲ್ಲ, ಸುಮ್ನೆ ನೋಡುತ್ತಾರೆ. ‘ಸೀರಿ ಉಟ್ರ ಎಷ್ಟ್ ಚಲೋ ಕಾಣಸ್ತದ ನೋಡು’ ಅನ್ನುತ್ತ ಮೌಶಿ ಒಂದು ಫೋಟೋ ಹೊಡೆಯುತ್ತಾರೆ. ಆ ಫೋಟೋ ಹೋಳಿಗೆ ಬಡಿಸುವ ಹೊತ್ತಿಗೆ ಶಹಾಪುರ ಮುಟ್ಟಿರುತ್ತದೆ. ನಾಲ್ಕು ಸಾಲು ಆಚೆ ಕೂತ ಯಾರೋ ಅಪರಿಚಿತ ಹೆಂಗಸು ಇದ್ದಕ್ಕಿದ್ದಂತೆ ‘ರೊಟ್ಟಿ ಬಡೀಲಾಕ ಬರ್ತದೇನವ್ವಾ?’ ಅಂತ ಕೇಳಿದರೆ, ಅದು ರೊಟ್ಟಿಯ ಪ್ರಶ್ನೆ ಅಲ್ಲ.

ಈಗ ಸ್ವಲ್ಪ ಇತಿಹಾಸ. ಬೋರ್ ಆಗಲ್ಲ, ಇದು ನಮ್ಮದೇ ಜಿಲ್ಲೆಯ ವಿಷಯ. ಶಹಾಬಾದ್ ಹತ್ತಿರದ ಮರ್ತೂರು ವಿಜ್ಞಾನೇಶ್ವರನ ಊರು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣ ರಾಜಧಾನಿಯಾಗಿದ್ದಾಗ, ಆತ ‘ಮಿತಾಕ್ಷರ’ ಬರೆದ. ಯಾರು ಯಾರಿಗೆ ರಕ್ತಸಂಬಂಧಿ, ತಂದೆಯ ಕಡೆ ಏಳು ತಲೆಮಾರು, ತಾಯಿಯ ಕಡೆ ಐದು, ಎಲ್ಲ ವಿವರಿಸಿದ. ಮಗನಿಗೆ ಹುಟ್ಟಿದ ಕೂಡಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಅಂತಲೂ ಹೇಳಿದ. ಇಷ್ಟೆಲ್ಲ ಬರೆದ ಮಹಾನುಭಾವ, ಎಷ್ಟನೇ ತಲೆಮಾರಿನ ಕಾಕಾ ನಿಮ್ಮ ಮದುವೆ ಬಗ್ಗೆ ಕೇಳಬಹುದು ಅಂತ ಒಂದೇ ಒಂದು ಸಾಲು ಬರೆಯಲಿಲ್ಲ. ಅದರ ಫಲ ಇವತ್ತು ಕೂಲರ್ ಮುಂದೆ ಕೂತಿದೆ.

ಆದರೆ ಪಾಲಿನ ವಿಷಯ ಬರೆದು ಒಂದು ಆಯುಧ ಕೊಟ್ಟು ಹೋಗಿದ್ದಾನೆ. ಅದನ್ನು ಬಳಸಿದ್ದು ನಮ್ಮ ಕಾಕಾನ ಮಗಳು. ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಳೆ, ಕಾಯ್ದೆ ಕಾನೂನು ನಾಲಿಗೆ ತುದಿಯಲ್ಲಿ. ಈ ಮೇ ಮೊದಲ ವಾರದ ಮದುವೆಯಲ್ಲಿ ದೊಡ್ಡಪ್ಪ ಅವಳನ್ನು ಹಿಡಿದರು. ಸುತ್ತಲೂ ಇಡೀ ಖಾನ್‌ದಾನ್.

‘ಏನವ್ವಾ, ಓದಿದ್ದು ಸಾಕಾಗಿಲ್ಲೇನು? ಊಟ ಯಾವಾಗ ಹಾಕ್ತಿ?’

ಅವಳು ಎಲೆಯಿಂದ ತಲೆ ಎತ್ತಲಿಲ್ಲ. ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ಕೇಳಿದಳು:

‘ದೊಡ್ಡಪ್ಪಾ, ಹೊಲದ ಪಾಲು ಆಯ್ತೇನ್ರಿ?’

ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ಮಾಮಾ ಫೋನ್ ಬರದಿದ್ದರೂ ಕಿವಿಗೆ ಇಟ್ಟುಕೊಂಡು ಎದ್ದರು. ಅವಳು ಬಿಡಲಿಲ್ಲ. ‘2005ರಾಗ ಕಾಯ್ದೆ ತಿದ್ದುಪಡಿ ಆಗ್ಯಾದ್ರಿ ದೊಡ್ಡಪ್ಪಾ. ಹೆಣ್ಣುಮಕ್ಕಳಿಗೂ ಸಮ ಪಾಲು. ಮುತ್ಯಾನ ಹೊಲದಾಗ ನಂದೂ ಬರ್ತದ ಅಲ್ರಿ?’

ನಾವೆಲ್ಲ ಒಳಗೊಳಗೇ ಸೀಟಿ ಹೊಡೆದೆವು. ಇಷ್ಟು ವರ್ಷ ‘ನೋಡೋಣ್ರಿ’, ‘ಆಗ್ತದ್ರಿ’ ಅಂತ ಹಲ್ಲು ಕಿಸಿದವರ ಪರವಾಗಿ ಒಬ್ಬಳು ಬ್ಯಾಟ್ ಬೀಸಿದ್ದಳು. ದೊಡ್ಡಪ್ಪ ಮಜ್ಜಿಗೆ ಕುಡಿದರು. ಟಾವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಮುಖದಲ್ಲಿ ಒಂದು ಚೂರೂ ಗಾಬರಿ ಇಲ್ಲ.

‘ಬರೋಬರಿ ಕೇಳ್ದಿ ನೋಡವ್ವಾ. ಮನ್ಯಾನ ಹೆಣ್ಣುಮಕ್ಕಳ ಮದುವಿ ಎಲ್ಲಾ ಮುಗಿಸಿ ಪಾಲು ಮಾಡೋಣು ಅಂತ ಮುತ್ಯಾ ಹೇಳಿ ಹೋಗ್ಯಾನ. ನೀನೊಬ್ಬಾಕಿನೇ ಉಳದೀದಿ. ನಿನ್ನ ಸಲುವಾಗಿ ಇಡೀ ಮನೀದು ಕೆಲಸ ನಿಂತದ.’

ಆಗ ಅಲ್ಲಿಯವರೆಗೆ ಸುಮ್ಮನಿದ್ದ ಮಂದಿಯೆಲ್ಲ, ಪಾಲು ಕಾಯುತ್ತಿದ್ದ ನಮ್ಮಪ್ಪನೂ ಸೇರಿ, ಅವಳ ಕಡೆ ತಿರುಗಿದರು.

‘ಹೌದಲ್ಲವಾ, ಯಾವಾಗ?’