ಅಳತೆ ಮೊದಲು, ಫ್ಯಾಷನ್ ಆಮೇಲೆ

ಗುರುಗಳೇ, ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಚೆಂದ ಕಾಣಬೇಕು ಅನ್ನುವ ಆಸೆ ತಪ್ಪಲ್ಲ. ಆದರೆ ಭುಜ ಬಿಗಿಯಾದ ಅಂಗಿ ಕೈ ಎತ್ತಿದೊಡನೆ ಕಂಕುಳಲ್ಲಿ ಹಿಡಿಯುತ್ತದೆ. ಪ್ಯಾಂಟ್ ಹಾಕಿ ನಿಂತು ನೋಡಿದರೆ ಸಾಲದು, ಕೂತು ನೋಡಿ. ಸೊಂಟಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಶೂ ವಿಷಯದಲ್ಲಂತೂ ರಾಜಿ ಬೇಡವೇ ಬೇಡ. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಕೊಳ್ಳಿ. ಸಾಕ್ಸ್ ಸಮೇತ ಎರಡೂ ಕಾಲಿಗೆ ಹಾಕಿ, ಎದ್ದು ನಡೆದಾಡಿ. ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಲಿ. ಚೂಪು ಮೂತಿಯ ಶೂ ಬೆರಳುಗಳನ್ನು ಒಂದಕ್ಕೊಂದು ಒತ್ತುತ್ತದೆ. ಕಿರುಬೆರಳಲ್ಲಿ ಆಣಿ ಏಳುವುದು, ಹೆಬ್ಬೆರಳಿನ ಉಗುರು ಮಾಂಸದೊಳಗೆ ಇಳಿಯುವುದು ಹೀಗೇ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದರೆ ನಂಬಬೇಡಿ. ಚರ್ಮ ಅಗಲಕ್ಕೆ ಒಂಚೂರು ಹಿಗ್ಗೀತು, ಉದ್ದಕ್ಕೆ ಹಿಗ್ಗುವುದಿಲ್ಲ.

ಧನ್ಯವಾದಗಳು.